ಕುಡುಗೋಲಿನ ಹಿಡಿಗೆ ಒಂದು ಅಂಟು, ಕುರ್ಚಿ ಕಾಲಿಗೆ ಇನ್ನೊಂದು

ಅಂಗಡಿಗೆ ಹೋಗಿ 'ಇರೋದರಲ್ಲಿ ಗಟ್ಟಿ ಅಂಟು ಯಾವುದು, ಅದನ್ನ ಕೊಡಪ್ಪಾ' ಅಂತ ಕೇಳೋರೇ ಜಾಸ್ತಿ. ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಆದರೆ ಎಲ್ಲಕ್ಕೂ ಗಟ್ಟಿಯಾದ ಅಂಟು ಅನ್ನೋದು ಇಲ್ಲವೇ ಇಲ್ಲ. ಮರಕ್ಕೆ ಮರವನ್ನು ಬಿಡದಂತೆ ಹಿಡಿಯುವ ಬಿಳಿ ಅಂಟು ಕಬ್ಬಿಣದ ಮೇಲೆ ಒಣಗಿದ ಗಂಜಿಯ ಹಾಗೆ ಸಿಪ್ಪೆ ಏಳುತ್ತದೆ. ಬೆರಳಿಗೆ ಬೆರಳು ಅಂಟಿಸಿ ಬಿಡುವ ಆ ಚಿಕ್ಕ ಟ್ಯೂಬಿನ ಅಂಟು, ಕಲ್ಲಿಗೆ ತಾಗುವ ಕುಡುಗೋಲಿನ ಹಿಡಿಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಹಾಗಾಗಿ ಅಂಟು ಆರಿಸುವ ಮೊದಲು ಅಂಟಿಸಬೇಕಾದ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಬೇಕು.

ನಮ್ಮಂಥವರ ಮನೆಗೆ ಬರುವ ಅಂಟುಗಳು ಮುಖ್ಯವಾಗಿ ಮೂರು. ಒಂದು, ಬಡಗಿಗಳು ಬಳಸುವ ಹಾಲಿನಂಥ ಬಿಳಿ ಅಂಟು. ಫೆವಿಕಾಲ್ ಅಂತಲೇ ಎಲ್ಲರೂ ಕರೆಯುತ್ತಾರೆ, ಯಾವ ಕಂಪನಿಯದಾದರೂ ಸರಿ. ಎರಡು, ಎರಡು ಟ್ಯೂಬಿನಿಂದ ಹಿಂಡಿ ಕಲಸುವ ಎಪಾಕ್ಸಿ. ಅರಾಲ್ಡೈಟ್ ಅಂದರೆ ಅಂಗಡಿಯಲ್ಲಿ ಬೇಗ ತಿಳಿಯುತ್ತದೆ. ಮೂರು, ಐದು-ಹತ್ತು ರೂಪಾಯಿಯ ಚಿಕ್ಕ ಟ್ಯೂಬಿನಲ್ಲಿ ಬರುವ, ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್‌ನಂಥದ್ದು. ಇದನ್ನು ಇಲ್ಲಿ ಕ್ವಿಕ್ ಅಂಟು ಅನ್ನೋಣ. ಈ ಮೂರೂ ಗಟ್ಟಿಯಾಗುವ ಬಗೆ ಬೇರೆ ಬೇರೆ. ಅದು ಗೊತ್ತಾದರೆ ಯಾವುದು ಎಲ್ಲಿಗೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಸಾಮಾನಿಗೆ ಮೂರು ಪ್ರಶ್ನೆ

ಮೊದಲನೆಯದು, ಇದು ನೀರು ಕುಡಿಯುತ್ತದೋ ಇಲ್ಲವೋ. ಅಂಟಿಸುವ ಜಾಗದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಇಂಗಿ ಹೋದರೆ ಅದು ಕುಡಿಯುವ ಸಾಮಾನು: ಹಸಿ ಮುಖದ ಮರ, ರಟ್ಟು, ಬಟ್ಟೆ. ಹನಿ ಹಾಗೇ ನಿಂತರೆ ಕುಡಿಯದ ಸಾಮಾನು: ಕಬ್ಬಿಣ, ಸ್ಟೀಲು, ಗಾಜು, ಪ್ಲಾಸ್ಟಿಕ್ಕು, ಬಣ್ಣ ಹೊಡೆದ ಮರ. ಎರಡನೆಯದು, ಎರಡೂ ಮುಖ ಸೇರಿಸಿ ಹಿಡಿದರೆ ಸಂದಿ ಉಳಿಯುತ್ತದೋ ಇಲ್ಲವೋ. ಮೂರನೆಯದು, ಕೆಲಸದಲ್ಲಿ ಅದಕ್ಕೆ ಏನಾಗುತ್ತದೆ. ಪೆಟ್ಟು ಬೀಳುತ್ತದೋ, ಬಾಗುತ್ತದೋ, ಬಿಸಿ ತಾಗುತ್ತದೋ, ನೀರಲ್ಲಿ ನೆನೆಯುತ್ತದೋ.

ಬಿಳಿ ಅಂಟಿನಲ್ಲಿ ಇರುವುದು ಅಂಟು ಮತ್ತು ನೀರು. ಆ ನೀರನ್ನು ಮರ ಕುಡಿದುಕೊಂಡಾಗ ಅಂಟು ಮರದ ಎಳೆಗಳ ನಡುವೆ ಇಳಿದು ಗಟ್ಟಿಯಾಗುತ್ತದೆ. ಎರಡು ಕಬ್ಬಿಣದ ನಡುವೆ ಹಚ್ಚಿದರೆ ನೀರು ಹೋಗಲು ದಾರಿಯೇ ಇಲ್ಲ. ಅಂಚಿನಲ್ಲಿ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಕಬ್ಬಿಣಕ್ಕೆ ಒಂದಿಷ್ಟು ತುಕ್ಕನ್ನೂ ಕೊಡುತ್ತದೆ.

ಎಪಾಕ್ಸಿ ಒಣಗುವುದಲ್ಲ. ಒಂದು ಟ್ಯೂಬಿನದು ಇನ್ನೊಂದು ಟ್ಯೂಬಿನದರ ಜೊತೆ ಸೇರಿ ಬೇರೆಯದೇ ಒಂದು ಗಟ್ಟಿ ವಸ್ತುವಾಗುತ್ತದೆ. ಅದಕ್ಕೆ ಗಾಳಿಯೂ ಬೇಡ, ಯಾವುದೂ ನೀರು ಕುಡಿಯಬೇಕಾಗಿಯೂ ಇಲ್ಲ. ಸಂದಿಯಲ್ಲಿ ಎಷ್ಟು ತುಂಬಿದರೂ ಅಷ್ಟೂ ಗಟ್ಟಿಯಾಗುತ್ತದೆ, ಕುಗ್ಗುವುದು ತೀರಾ ಕಡಿಮೆ.

ಕ್ವಿಕ್ ಅಂಟು ಗಟ್ಟಿಯಾಗುವುದು ಸಾಮಾನಿನ ಮೇಲೆ ಕಣ್ಣಿಗೆ ಕಾಣದಷ್ಟು ಇರುವ ತೇವದಿಂದ. 1942ರಲ್ಲಿ ಅಮೆರಿಕದಲ್ಲಿ ಯುದ್ಧಕ್ಕೆಂದು ಬಂದೂಕಿನ ಗುರಿ ನೋಡುವ ಪಾರದರ್ಶಕ ಪ್ಲಾಸ್ಟಿಕ್ಕು ಹುಡುಕುವಾಗ ಇದು ಸಿಕ್ಕಿತಂತೆ. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಆಗ ಬದಿಗಿಟ್ಟರು. ಅಂಟಾಗಿ ಪೇಟೆಗೆ ಬಂದದ್ದು 1958ರಲ್ಲಿ. ತೇವ ಎಲ್ಲಾ ಕಡೆ ಇರುವುದರಿಂದ ಎಲ್ಲದಕ್ಕೂ ಅಂಟುತ್ತದೆ, ಬೆರಳಿಗಂತೂ ಮೊದಲು. ಆದರೆ ಆ ತೇವ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ತೆಳ್ಳಗೆ ಇದ್ದರಷ್ಟೇ ಬೇಗ ಹಿಡಿಯುತ್ತದೆ. ದಪ್ಪಗೆ ಸುರಿದರೆ ನಡುವೆ ಹಸಿಯಾಗಿಯೇ ಕೂತಿರುತ್ತದೆ.

ಕುಡುಗೋಲಿನ ಹಿಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇಲ್ಲಿ ಅಂಟು ಬಿಟ್ಟರೆ ಹೋಗುವುದು ಸಾಮಾನಲ್ಲ, ಕೈ. ನಮ್ಮ ಬಯಲುಸೀಮೆಯಲ್ಲಿ ರಾಗಿ, ಜೋಳ ಕೊಯ್ಯುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ಹಿಡಿಯ ಮರ ಸೊರಗಿ ತೂತು ಸಡಿಲವಾಗುತ್ತದೆ. ಬಗ್ಗಿ ಕೊಯ್ಯುವಾಗ ಅಲಗು ಹಿಡಿಯೊಳಗೇ ತಿರುಗಿದರೆ ಎಡಗೈ ಬೆರಳಿಗೆ ಬರುತ್ತದೆ.

ತುಂಬಾ ಜನ ಹಿಡಿಯನ್ನು ರಾತ್ರಿ ನೀರಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಬಿಗಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಮತ್ತೆ ಸಡಿಲ. ಉಬ್ಬಿದ ಮರ ಕಬ್ಬಿಣಕ್ಕೆ ಒತ್ತಿಕೊಂಡು ನಜ್ಜಾಗುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚೇ ಸಡಿಲವಾಗುತ್ತದೆ. ಹೀಗೆ ನಾಲ್ಕು ಸಲ ಮಾಡಿದರೆ ಹೊಸ ಹಿಡಿಯೇ ಬೇಕು.

ಈಗ ಆ ಮೂರು ಪ್ರಶ್ನೆ ಕೇಳಿ ನೋಡಿ. ಮರ ನೀರು ಕುಡಿಯುತ್ತದೆ, ಕಬ್ಬಿಣ ಕುಡಿಯುವುದಿಲ್ಲ. ಹಾಗಾಗಿ ಬಿಳಿ ಅಂಟು ಆಗುವುದಿಲ್ಲ, ಮರವನ್ನು ಹಿಡಿದರೂ ಕಬ್ಬಿಣವನ್ನು ಬಿಟ್ಟುಬಿಡುತ್ತದೆ. ಸುತ್ತ ಸಂದಿ ಇದೆ, ಪೆಟ್ಟೂ ಇದೆ. ಹಾಗಾಗಿ ಕ್ವಿಕ್ ಅಂಟೂ ಆಗುವುದಿಲ್ಲ. ಅದು ಗಟ್ಟಿಯಾದ ಮೇಲೆ ಗಾಜಿನಂತೆ ಪೆಡಸು, ಎಳೆದರೆ ತಡೆಯುತ್ತದೆ, ಪೆಟ್ಟಿಗೆ ಬಿರಿಯುತ್ತದೆ. ಉಳಿದದ್ದು ಎಪಾಕ್ಸಿ. ಅದರಲ್ಲೂ ಎರಡು ತರಹ ಸಿಗುತ್ತದೆ. ಒಂದು ಐದು ನಿಮಿಷದಲ್ಲಿ ಹಿಡಿಯುವುದು, ಇನ್ನೊಂದು ರಾತ್ರಿಯೆಲ್ಲಾ ಬಿಟ್ಟು ಗಟ್ಟಿಯಾಗುವುದು. ಆಯುಧಕ್ಕೆ ನಿಧಾನದ್ದೇ ಒಳ್ಳೆಯದು. ಬೇಗನೆ ಹಿಡಿಯುವುದು ನೀರು, ಬಿಸಿಗೆ ಅಷ್ಟು ತಡೆಯುವುದಿಲ್ಲ. ಮೇಲಾಗಿ ಕಲಸಿ, ತುಂಬಿ, ಸರಿಪಡಿಸುವಷ್ಟು ಪುರುಸೊತ್ತೂ ಕೊಡುವುದಿಲ್ಲ.

ಮೊದಲು ಹಿಡಿಯನ್ನು ಪೂರಾ ಕಳಚಿಕೊಳ್ಳಬೇಕು. ಸಡಿಲವಿದ್ದ ಹಾಗೇ ಮೇಲಿಂದ ಅಂಟು ಬಿಟ್ಟರೆ ಅದು ಬಾಯಲ್ಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಕಳಚಿದ ಹಿಡಿಯನ್ನು ಎರಡು-ಮೂರು ದಿನ ಬಿಸಿಲಿಗೆ ಇಡಿ. ಹಸಿ ಮರದಲ್ಲಿ ಎಪಾಕ್ಸಿ ಕಚ್ಚುವುದಿಲ್ಲ. ಮತ್ತೆ, ಮರ ಎಷ್ಟು ಸೊರಗಬೇಕೋ ಅಷ್ಟು ಈಗಲೇ ಸೊರಗಿಬಿಡಲಿ.

ಹಿಡಿಯ ತೂತನ್ನು ಇಣುಕಿ ನೋಡಿ. ಕಾಯಿಸಿದ ಕಬ್ಬಿಣ ಇಳಿಸಿ ಕೂರಿಸಿದ ಹಿಡಿಯಾದರೆ ಒಳಗೆಲ್ಲ ಕಪ್ಪಗೆ ಸುಟ್ಟ ಪದರ ಇರುತ್ತದೆ. ಅದು ಇದ್ದಿಲು. ಅಂಟು ಇದ್ದಿಲನ್ನು ಹಿಡಿಯುತ್ತದೆ, ಇದ್ದಿಲು ಮರವನ್ನು ಬಿಡುತ್ತದೆ. ಚೂಪು ಕಡ್ಡಿಯಿಂದಲೋ ಹಳೇ ಸ್ಕ್ರೂ ಡ್ರೈವರಿನಿಂದಲೋ ಕೆರೆದು, ತಿಳಿ ಬಣ್ಣದ ಮರ ಕಾಣುವವರೆಗೆ ತೆಗೆಯಬೇಕು.

ಹಿಡಿಯೊಳಗೆ ಇಳಿಯುವ ಕಬ್ಬಿಣದ ಮೊನೆಗೆ ಮರಳು ಕಾಗದ ಹಾಕಿ ಉಜ್ಜಿ. ಒರಟು ಕಾಗದವೇ ಇರಲಿ, 80 ನಂಬರಿನದು ಸಾಕು. ತುಕ್ಕೆಲ್ಲ ಹೋಗಿ ಬೆಳ್ಳಗೆ ಹೊಳೆಯಬೇಕು. ಆಮೇಲೆ ಅರದ ಅಂಚಿನಿಂದ ಅಡ್ಡಡ್ಡ ನಾಲ್ಕೈದು ಗೀಟು ಹಾಕಿದರೆ ಅಂಟು ಆ ಗೀಟಿನಲ್ಲಿ ಕೂತು ಬೀಗದ ಹಾಗೆ ಹಿಡಿಯುತ್ತದೆ. ಕೊನೆಗೆ ಪೇಂಟ್ ಅಂಗಡಿಯ ತಿನ್ನರಿನಲ್ಲಿ ಒದ್ದೆ ಮಾಡಿದ ಒಳ್ಳೆ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಹತ್ತಿರ ಬೀಡಿ, ಒಲೆ ಬೇಡ. ಒರೆಸಿದ ಮೇಲೆ ಆ ಜಾಗವನ್ನು ಬೆರಳಿಂದ ಮುಟ್ಟಬಾರದು. ಕೈಯ ಜಿಡ್ಡೇ ಸಾಕು ಅಂಟನ್ನು ಕೆಡಿಸಲು.

ಈಗ ಕಲಸುವುದು. ಎಲ್ಲರೂ ಎಡವುವುದು ಇಲ್ಲೇ. ಒಡೆದ ಟೈಲ್ಸಿನ ಮೇಲೋ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೋ ಎರಡೂ ಟ್ಯೂಬಿನಿಂದ ಅಕ್ಕಪಕ್ಕ ಒಂದೇ ಉದ್ದ, ಒಂದೇ ದಪ್ಪಕ್ಕೆ ಹಿಂಡಿ. ಮನೆಬಳಕೆಯ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಸಮ ಸಮ ಅಂತಲೇ ಇರುತ್ತದೆ, ಆದರೂ ಪೊಟ್ಟಣದ ಮೇಲೆ ಓದಿ ನೋಡಿ. ಗಟ್ಟಿ ಮಾಡುವ ಟ್ಯೂಬಿನದು ಸ್ವಲ್ಪ ಜಾಸ್ತಿ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ ಅನ್ನೋದು ಸುಳ್ಳು ಲೆಕ್ಕ. ಒಂದರದು ಒಂದಕ್ಕೆ ಜೊತೆ ಸಿಗಬೇಕು, ಜೊತೆ ಸಿಗದೆ ಉಳಿದದ್ದು ಒಳಗೆ ಮೆತ್ತಗೆ ಜಿಗಿಜಿಗಿಯಾಗಿಯೇ ಇರುತ್ತದೆ. ಕಡ್ಡಿಯಿಂದ ಎರಡು ನಿಮಿಷ ಪೂರ್ತಿ, ಅಂಚಿನದನ್ನೆಲ್ಲ ನಡುವೆ ಎಳೆದುಕೊಂಡು ಕಲಸಬೇಕು. ಬಣ್ಣದ ಗೆರೆ ಒಂದೂ ಕಾಣಬಾರದು. ತೂತು ದೊಡ್ಡದಾಗಿದ್ದರೆ ಇದಕ್ಕೆ ಜರಡಿ ಹಿಡಿದ ನುಣ್ಣನೆ ಮರದ ಪುಡಿ ಸ್ವಲ್ಪ ಸೇರಿಸಿ ಗಟ್ಟಿ ಚಟ್ನಿಯ ಹದಕ್ಕೆ ತನ್ನಿ. ಸೋರಿ ಹೋಗುವುದಿಲ್ಲ. ಕೈಗೆ ಮೆತ್ತಿಕೊಳ್ಳಬಾರದು, ಪದೇ ಪದೇ ತಾಗಿದವರಿಗೆ ಚರ್ಮ ಕೆರೆತ ಬರುತ್ತದೆ. ಒಂದು ಪ್ಲಾಸ್ಟಿಕ್ ಕವರನ್ನೇ ಕೈಗೆ ಹಾಕಿಕೊಂಡರಾಯಿತು.

ತೂತಿನ ತಳಕ್ಕೆ ಕಡ್ಡಿಯಿಂದ ಅಂಟನ್ನು ಮೊದಲು ತಳ್ಳಿ, ಮೊನೆಗೂ ಸುತ್ತ ಬಳಿಯಿರಿ. ಆಮೇಲೆ ಅಲಗಿಗೆ ಗೋಣಿ ಸುತ್ತಿಕೊಂಡು, ಸ್ವಲ್ಪ ಸ್ವಲ್ಪ ಅಲುಗಾಡಿಸುತ್ತಾ ಒಳಗೆ ಇಳಿಸಬೇಕು. ಒಮ್ಮೆಗೇ ಒತ್ತಿದರೆ ತಳದಲ್ಲಿ ಸಿಕ್ಕ ಗಾಳಿ ಮೊನೆಯನ್ನು ವಾಪಸ್ಸು ತಳ್ಳುತ್ತದೆ. ಬಾಯಿಯ ಸುತ್ತ ಅಂಟು ಉಕ್ಕಿದರೆ ತುಂಬಿದೆ ಅಂತ ಅರ್ಥ, ಅದನ್ನು ಒರೆಸಿಬಿಡಿ. ಹಿಡಿ ಕೆಳಗೆ ಮಾಡಿ ಮರಳು ತುಂಬಿದ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ಅಲಗಿನ ಗೋಣಿ ಹಾಗೇ ಇರಲಿ, ಮಕ್ಕಳಿಗೆ ಸಿಗದ ಕಡೆ ಇಡಿ. ಒಂದು ಹಗಲು ಒಂದು ರಾತ್ರಿ ಮುಟ್ಟಬಾರದು. ಕೆಲಸಕ್ಕೆ ಎರಡನೇ ದಿನದ ಮೇಲೆ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಟೈಲ್ಸಿನ ಮೇಲೆ ಉಳಿದ ಅಂಟನ್ನು ಒರೆಸಿ ಬಿಸಾಡಬೇಡಿ. ಒಳಗೆ ಏನಾಗಿದೆ ಅಂತ ಹೇಳುವ ಸಾಕ್ಷಿ ಅದೊಂದೇ. ಮಾರನೇ ದಿನ ಅದರ ಮೇಲೆ ಉಗುರು ಊರಿ ನೋಡಿ. ಗುರುತು ಬೀಳದಿದ್ದರೆ ಹಿಡಿಯೊಳಗೂ ಗಟ್ಟಿಯಾಗಿದೆ. ಇನ್ನೂ ಜಿಗುಟಾಗಿದ್ದರೆ ಅಳತೆಯಲ್ಲೋ ಕಲಸುವುದರಲ್ಲೋ ಹೆಚ್ಚುಕಮ್ಮಿ ಆಗಿದೆ. ಕಾದರೆ ಸರಿಹೋಗುವುದಿಲ್ಲ, ಮೇಲೆ ಇನ್ನೊಂದು ಕೋಟು ಬಳಿದರೂ ಆಗುವುದಿಲ್ಲ. ಕಳಚಿ ಕೆರೆದು ಮೊದಲಿಂದ ಮಾಡಬೇಕು.

ಯಾವಾಗಲಾದರೂ ಹಿಡಿ ಕಿತ್ತುಬಂದರೆ ಕಿತ್ತ ಜಾಗ ನೋಡಿ, ಅಲ್ಲೇ ಕಾರಣ ಬರೆದಿರುತ್ತದೆ. ಕಬ್ಬಿಣ ಬೋಳಾಗಿ ಬಂದು ಅಂಟೆಲ್ಲ ಮರದಲ್ಲಿ ಉಳಿದಿದ್ದರೆ ಕಬ್ಬಿಣದ ಮೇಲೆ ತುಕ್ಕೋ ಜಿಡ್ಡೋ ಇತ್ತು. ಕಪ್ಪು ಪುಡಿ ಅಂಟಿಗೆ ಮೆತ್ತಿಕೊಂಡು ಬಂದಿದ್ದರೆ ಇದ್ದಿಲು ತೆಗೆದಿರಲಿಲ್ಲ. ಮರದ ಎಳೆಯೇ ಹರಿದು ಅಂಟಿನ ಜೊತೆ ಬಂದಿದ್ದರೆ ಅಂಟು ಗೆದ್ದಿದೆ, ಮರ ಸೋತಿದೆ. ಅಂಥದಕ್ಕೆ ಹೊಸ ಹಿಡಿ ಹಾಕಿಸಿ.

ಇದಕ್ಕೊಂದು ಮಿತಿ ಇದೆ. ಮನೆಬಳಕೆಯ ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ. ಕುದಿಯುವ ನೀರಿನ ಬಿಸಿ ಸಾಕು. ಪ್ರತಿ ವರ್ಷ ಕುಲುಮೆಗೆ ಹೋಗಿ ಹದ ಹಾಕಿಸಿಕೊಳ್ಳುವ ಕುಡುಗೋಲಾದರೆ ಅಲಗು ಕಾದಾಗ ಹಿಡಿ ಸಡಿಲವಾಗುತ್ತದೆ. ಅಂಥದಕ್ಕೆ ಹಿರಿಯರು ಮಾಡುತ್ತಿದ್ದಂತೆ ಅರಗು ಕಾಯಿಸಿ ಕೂರಿಸುವುದೇ ಸಲೀಸು, ಬೇಕಾದಾಗ ಬಿಸಿ ಮಾಡಿ ಕಳಚಬಹುದು, ಮತ್ತೆ ಕೂರಿಸಬಹುದು. ಮನೆಯಲ್ಲೇ ಸಾಣೆ ಹಿಡಿದು ಬಳಸುವ ಕುಡುಗೋಲು, ಕುರ್ಪಿ, ತರಕಾರಿ ಚಾಕು ಇವಕ್ಕೆ ಎಪಾಕ್ಸಿ. ಕೊಡಲಿ, ಪಿಕಾಸಿ, ಗುದ್ದಲಿಗೆ ಮಾತ್ರ ಯಾವ ಅಂಟೂ ಬೇಡ. ಬೀಸುವ ಆಯುಧದ ತಲೆ ನಿಲ್ಲುವುದು ಕಾವಿನ ಬಿಗಿ ಮತ್ತು ಬೆಣೆಯಿಂದ. ಅಂಟಿದೆ ಅಂತ ನಂಬಿ ಬೀಸಿದರೆ ತಲೆ ಹಾರಿ ಯಾರ ಕಡೆ ಹೋಗುತ್ತದೋ ಗೊತ್ತಿಲ್ಲ.

ಕುರ್ಚಿಯ ಕಾಲಿಗೆ ದುಬಾರಿ ಅಂಟು ಬೇಡ

ಎಪಾಕ್ಸಿ ಅಷ್ಟು ಗಟ್ಟಿಯಾದರೆ ಕುರ್ಚಿಗೂ ಅದನ್ನೇ ಹಾಕಿದರಾಯಿತಲ್ಲ ಅಂತ ಕೇಳಬಹುದು. ನಮ್ಮೂರ ಬಡಗಿಯೊಬ್ಬರು ಇದಕ್ಕೆ ಹೇಳುವ ಉತ್ತರ ಚೆನ್ನಾಗಿದೆ: 'ಕಿತ್ತರೆ ಮರವೇ ಕಿತ್ತು ಬರುವಷ್ಟು ಬಿಳಿ ಅಂಟು ಹಿಡೀತದೆ. ಅದಕ್ಕಿಂತ ಗಟ್ಟಿ ತಗೊಂಡು ಏನ್ ಮಾಡ್ತೀರಿ?' ಬಿಗಿಯಾಗಿ ಕೂರುವ ಮರಕ್ಕೆ ಮರ ಅಂಟಿಸುವಲ್ಲಿ ಮಾತ್ರ ಅವರ ಮಾತು ಪೂರ್ತಿ ನಿಜ. ಇನ್ನೂ ಒಂದು ಅನುಕೂಲ ಇದೆ. ಬಿಳಿ ಅಂಟಿನ ಜೋಡಣೆಯನ್ನು ಮುಂದೆ ಎಂದಾದರೂ ಬಿಚ್ಚಬೇಕಾದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಇಟ್ಟರೆ ಮೆತ್ತಗಾಗುತ್ತದೆ.

ಕುರ್ಚಿ, ಸ್ಟೂಲು ಅಲ್ಲಾಡುವುದು ಅಡ್ಡಪಟ್ಟಿಯ ತುದಿ ಕಾಲಿನ ತೂತಿನಲ್ಲಿ ಸಡಿಲವಾದಾಗ. ಇಲ್ಲಿ ಮೊಳೆ ಹೊಡೆಯುವುದು ನಮ್ಮ ಕಡೆ ರೂಢಿ. ಒಣ ಮರಕ್ಕೆ ಮೊಳೆ ಹೊಡೆದರೆ ಸೀಳುತ್ತದೆ, ಸೀಳಿದ ಮೇಲೆ ಅಂಟಿಗೂ ದಾರಿ ಇಲ್ಲ. ಜೋಡಣೆ ಬಿಚ್ಚಿ, ಹಳೇ ಅಂಟನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಒಣಗಿದ ಹಳೇ ಅಂಟು ಮರದ ಬಾಯಿ ಮುಚ್ಚಿಬಿಟ್ಟಿರುತ್ತದೆ, ಅದರ ಮೇಲೆ ಹೊಸದು ಇಳಿಯುವುದಿಲ್ಲ. ತೆಗೆದಾಯಿತೋ ಇಲ್ಲವೋ ಅನ್ನೋದಕ್ಕೆ ಅದೇ ನೀರ ಹನಿ ಪರೀಕ್ಷೆ. ಹನಿ ಇಂಗಿದರೆ ಆಯಿತು, ನಿಂತರೆ ಇನ್ನೂ ಕೆರೆಯಬೇಕು. ಹೊಸ ತೇಗದ ಮರದಲ್ಲಿ ಎಣ್ಣೆ ಅಂಶ ಇರುತ್ತದೆ, ಅದನ್ನು ಉಜ್ಜಿ ತಿನ್ನರಿನಲ್ಲಿ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿಬಿಡಬೇಕು.

ಪಟ್ಟಿಯ ತುದಿ ತೂತಿನಲ್ಲಿ ಕೈಯಿಂದ ಒತ್ತಿದರೆ ಇಳಿಯುವಷ್ಟು ಬಿಗಿ ಇರಬೇಕು. ಸಡಿಲವಿದ್ದರೆ ಅಂಟಿಗೆ ಹೊಟ್ಟು ಕಲಸಿ ತುಂಬುವವರಿದ್ದಾರೆ. ಎಪಾಕ್ಸಿಯಲ್ಲಿ ಅದು ನಡೆಯುತ್ತದೆ, ಬಿಳಿ ಅಂಟಿನಲ್ಲಿ ನಡೆಯುವುದಿಲ್ಲ. ನೀರು ಹೋದ ಮೇಲೆ ಕುಗ್ಗಿ ಒಳಗೆ ಪೊಳ್ಳಾಗುತ್ತದೆ. ಅದರ ಬದಲು ತೆಳ್ಳಗೆ ಸೀಳಿದ ಮರದ ಚಕ್ಕೆಯನ್ನು ತುದಿಗೆ ಅಂಟಿಸಿ, ಒಣಗಿದ ಮೇಲೆ ಉಜ್ಜಿ ಅಳತೆಗೆ ತಂದುಕೊಳ್ಳಿ.

ಎರಡೂ ಕಡೆ ತೆಳ್ಳಗೆ ಹಚ್ಚಿ ಕೂಡಿಸಿದ ಮೇಲೆ ಒತ್ತಡ ಬೇಕೇ ಬೇಕು. ಬಿಳಿ ಅಂಟಿನ ಅರ್ಧ ಬಲ ಒತ್ತಡದಲ್ಲಿದೆ. ಬಡಗಿಯ ಶಿಕಂಜೆ ನಮ್ಮಲ್ಲಿರುವುದಿಲ್ಲ, ಬೇಕಾಗಿಯೂ ಇಲ್ಲ. ಕಾಲುಗಳ ಸುತ್ತ ಹಗ್ಗ ಎರಡು ಸುತ್ತು ಸುತ್ತಿ, ನಡುವೆ ಒಂದು ಕೋಲು ತೂರಿಸಿ ತಿರುಚುತ್ತಾ ಹೋದರೆ ಎಷ್ಟು ಬೇಕೋ ಅಷ್ಟು ಬಿಗಿ ಬರುತ್ತದೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎಳೆದು ಸುತ್ತಿದರೂ ಆಯಿತು. ಸಂದಿಯಿಂದ ಅಂಟು ಸಣ್ಣ ಮಣಿ ಮಣಿಯಾಗಿ ಹೊರಬಂದರೆ ಹದವಾಗಿದೆ, ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಕುರ್ಚಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ಕೂತಿವೆಯೇ ನೋಡಿ, ಈಗಲಾದರೆ ಸರಿಪಡಿಸಬಹುದು. ಅರ್ಧ ಗಂಟೆಗೆ ಹಿಡಿದಂತೆ ಕಂಡರೂ ಹಗ್ಗ ರಾತ್ರಿಯೆಲ್ಲ ಇರಲಿ, ಮಾರನೇ ದಿನ ಇದೇ ಹೊತ್ತಿನವರೆಗೆ ಯಾರೂ ಕೂರಬಾರದು. ಎಪಾಕ್ಸಿಗೆ ಮಾತ್ರ ಹೀಗೆ ಬಿಗಿ ಹಾಕಬಾರದು, ಅಂಟೆಲ್ಲ ಹೊರಗೆ ಹಿಂಡಿಹೋಗಿ ಒಳಗೆ ಏನೂ ಉಳಿಯುವುದಿಲ್ಲ.

ಮಳೆಯಲ್ಲಿ ನಿಲ್ಲುವ ಸಾಮಾನಿಗೆ ಸಾಧಾರಣ ಬಿಳಿ ಅಂಟು ಬೇಡ, ನೆನೆದರೆ ಮತ್ತೆ ಹಾಲಾಗುತ್ತದೆ. ಬಾಗಿಲು, ಕಿಟಕಿಯಂಥವಕ್ಕೆ ನೀರು ತಡೆಯುವ ಬಿಳಿ ಅಂಟೇ ಬೇರೆ ಸಿಗುತ್ತದೆ, ಕೇಳಿ ತನ್ನಿ.

ಕ್ವಿಕ್ ಅಂಟು ಎಲ್ಲಿಗೆ

ಅದಕ್ಕೂ ಅದರದೇ ಜಾಗ ಇದೆ. ಒಡೆದ ತುಂಡು ಒಂದಕ್ಕೊಂದು ಕೂದಲೂ ತೂರದಂತೆ ಕೂರಬೇಕು, ತುಂಡು ಚಿಕ್ಕದಿರಬೇಕು, ಪೆಟ್ಟು, ಬಾಗು, ಬಿಸಿ ಇರಬಾರದು. ಟಾರ್ಚಿನ ಗಟ್ಟಿ ಪ್ಲಾಸ್ಟಿಕ್ಕಿನ ಅಂಚು, ರೇಡಿಯೋದ ಗುಂಡಿ, ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲಿನ ಗುಬುಟು, ಕತ್ತರಿಸಿದ ರಬ್ಬರ್ ವಾಷರಿನ ಎರಡು ತುದಿ ಇಂಥವಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಒಂದು ಚದರ ಅಂಗುಲಕ್ಕೆ ಒಂದೇ ಹನಿ. ಒಂದು ಕಡೆ ಮಾತ್ರ ಹಚ್ಚಿ, ಒತ್ತಿ ಹಿಡಿದು ಅರವತ್ತು ಎಣಿಸಿ. ಅಲುಗಿಸಿ ನೋಡುವ ಚಪಲ ಬೇಡ, ಒಮ್ಮೆ ಬಿಟ್ಟರೆ ಅದೇ ಅಂಟು ಮತ್ತೆ ಹಿಡಿಯುವುದಿಲ್ಲ. ಸ್ವಲ್ಪ ಸಂದಿ ಇದ್ದರೆ ಅಡುಗೆ ಸೋಡಾ ಒಂದು ಚಿಟಿಕೆ ತುಂಬಿ ಮೇಲೆ ಹನಿ ಬಿಟ್ಟರೆ ಕೂಡಲೇ ಕಲ್ಲಾಗುತ್ತದೆ. ಆಗ ಬಿಸಿಯೂ ಹೊಗೆಯೂ ಬರುತ್ತದೆ, ಮುಖ ಹತ್ತಿರ ತರಬೇಡಿ.

ಟೀ ಕಪ್ಪಿನ ಹಿಡಿ ಮುರಿದರೆ ಮನೆಯಲ್ಲಿ ಮೊದಲು ನೆನಪಾಗುವುದು ಇದೇ ಟ್ಯೂಬು. ಬೇಡ. ಬಿಸಿ, ತೊಳೆಯುವ ನೀರು ಎರಡೂ ಸೇರಿ ಅಂಟನ್ನು ದಿನ ದಿನ ಕೊರೆಯುತ್ತವೆ, ಒಂದು ದಿನ ಕುದಿಯುವ ಟೀ ತೊಡೆಯ ಮೇಲೆ. ಎಪಾಕ್ಸಿ ಹಾಕಿದರೂ ಬಿಸಿಗೆ ಅದೇ ಪಾಡು. ಕಪ್ಪನ್ನು ಬೀಜ ಹಾಕಿಡಲು ಬಳಸಿ. ಗಾಜಿಗೂ ಕ್ವಿಕ್ ಅಂಟು ಕೆಲವು ದಿನ ಹಿಡಿದಂತೆ ಮಾಡಿ ಬಿಡುತ್ತದೆ. ಚಪ್ಪಲಿ ನಡೆಯುವಾಗ ಬಾಗುತ್ತದೆ, ಈ ಅಂಟು ಬಾಗುವುದಿಲ್ಲ, ಚಮ್ಮಾರರು ಬಳಸುವ ರಬ್ಬರ್ ಸಲ್ಯೂಷನ್ನೇ ಅದಕ್ಕೆ ಸರಿ.

ಹತ್ತಿ ಬಟ್ಟೆ, ಉಣ್ಣೆಯ ಮೇಲೆ ಇದು ಚೆಲ್ಲಿದರೆ ತಟ್ಟನೆ ಕಾದು ಚರ್ಮ ಸುಡುತ್ತದೆ. ಪಂಚೆ ಉಟ್ಟು ತೊಡೆಯ ಮೇಲಿಟ್ಟುಕೊಂಡು ಮಾಡುವ ಕೆಲಸವಲ್ಲ, ಚೆಲ್ಲಿದ್ದನ್ನು ಹತ್ತಿ ಬಟ್ಟೆಯಲ್ಲಿ ಒರೆಸಲೂ ಬಾರದು. ಬೆರಳು ಅಂಟಿಕೊಂಡರೆ ಕೀಳಬೇಡಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ನಿಧಾನ ಉರುಳಿಸಿ ಬಿಡಿಸಿ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತವಾಗಿ ತೆರೆಯದೆ ನೀರಲ್ಲಿ ತೊಳೆದು, ಒದ್ದೆ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ.

ಮೂರಕ್ಕೂ ಸಿಗದ ಪ್ಲಾಸ್ಟಿಕ್ಕು

ಬಕೆಟ್, ಕೊಡ, ಔಷಧಿ ಹೊಡೆಯುವ ಪಂಪಿನ ಟ್ಯಾಂಕು, ಡ್ರಿಪ್ಪಿನ ಕರಿ ಪೈಪು. ಇವು ಬಿರುಕು ಬಿಟ್ಟಾಗ ಮೂರೂ ಅಂಟು ತಂದು ದುಡ್ಡು ಕಳೆಯುವವರನ್ನು ಎಷ್ಟೋ ನೋಡಿದ್ದೇನೆ. ಈ ಜಾತಿಯ ಪ್ಲಾಸ್ಟಿಕ್ಕು ಮೇಣದ ಹಾಗೆ, ಈ ಮೂರರಲ್ಲಿ ಯಾವ ಅಂಟೂ ಅದಕ್ಕೆ ಕಚ್ಚುವುದಿಲ್ಲ. ಗುರುತು ಹಿಡಿಯುವುದು ಸುಲಭ. ಸಾಮಾನಿನ ಅಂಚಿನಿಂದ ಒಂದು ಚೂರು ಹೆರೆದು, ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಮುಳುಗಿಸಿ ಬಿಡಿ. ಮೇಲೆ ತೇಲಿ ಬಂದರೆ ಅಂಟಿನ ಆಸೆ ಬಿಡಿ. ಮುಳುಗಿದರೆ ಪಿ.ವಿ.ಸಿ.ಯೋ ಟಾರ್ಚಿನಂಥ ಗಟ್ಟಿ ಪ್ಲಾಸ್ಟಿಕ್ಕೋ ಇರಬಹುದು, ಅಂಟುವ ಸಂಭವ ಇದೆ. ತಳದಲ್ಲಿ ತ್ರಿಕೋನದೊಳಗೆ 2, 4 ಅಥವಾ 5 ಅಂತ ಅಚ್ಚು ಇದ್ದರೂ ಅದು ತೇಲುವ ಜಾತಿಯೇ. ಪಿ.ವಿ.ಸಿ. ಪೈಪಿಗಂತೂ ಪೈಪ್ ಅಂಗಡಿಯ ಸಾಲ್ವೆಂಟ್ ಸಿಮೆಂಟೇ ಇದೆ, ಅದು ಪೈಪನ್ನೇ ಸ್ವಲ್ಪ ಕರಗಿಸಿ ಒಂದು ಮಾಡುತ್ತದೆ.

ತೇಲುವ ಜಾತಿಯನ್ನು ಕೂಡಿಸುವುದು ಬಿಸಿಯಿಂದ. ಕಾಯಿಸಿದ ಕಬ್ಬಿಣದಿಂದ ಬಿರುಕಿನ ಎರಡೂ ಅಂಚು ಕರಗಿಸಿ, ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲೆ ಕರಗಿಸಿ ಬೆಸೆಯುತ್ತಾರೆ. ಬಕೆಟ್ಟಿಗೆ, ದನಕ್ಕೆ ನೀರಿಡುವ ತೊಟ್ಟಿಗೆ ಇದು ಸಾಕು. ಡ್ರಿಪ್ ಪೈಪಾದರೆ ಕೆಟ್ಟ ತುಂಡು ಕತ್ತರಿಸಿ ಜಾಯಿನರ್ ಹಾಕಿ. ಬೆನ್ನಿಗೆ ಕಟ್ಟುವ ಪಂಪಿನ ಟ್ಯಾಂಕಿಗೆ ಮಾತ್ರ ಈ ಬೆಸುಗೆಯನ್ನೂ ನಂಬಬಾರದು. ಹೊಲದ ನಡುವೆ ಬಿಟ್ಟುಕೊಂಡರೆ ಔಷಧಿ ನೇರ ಬೆನ್ನ ಮೇಲೆ ಇಳಿಯುತ್ತದೆ, ಒದ್ದೆ ಅಂಗಿಯ ಕೆಳಗೆ ಚರ್ಮ ಅದನ್ನು ಹೀರುತ್ತಲೇ ಇರುತ್ತದೆ. ಬಿರುಕು ಬಿಟ್ಟ ಟ್ಯಾಂಕು ಬದಲಿಸಬೇಕು. ಹಳೆಯದನ್ನು ನೀರಿಗೂ ಬಳಸಬೇಡಿ.

ತಂದ ಅಂಟು ಇಡುವ ವಿಷಯ. ಬಿಳಿ ಅಂಟಿನ ಡಬ್ಬದ ಬಾಯಿ ಒರೆಸಿ ಬಿಗಿಯಾಗಿ ಮುಚ್ಚಿದರೆ ತಿಂಗಳುಗಟ್ಟಲೆ ಇರುತ್ತದೆ. ಎಪಾಕ್ಸಿಯ ಎರಡು ಟ್ಯೂಬಿನ ಮುಚ್ಚಳ ಅದಲುಬದಲಾದರೆ ಮುಚ್ಚಳ ಅಲ್ಲೇ ಬೆಸೆದುಕೊಳ್ಳುತ್ತದೆ, ಬಣ್ಣ ನೋಡಿ ಹಾಕಿ. ಒಮ್ಮೆ ಒಡೆದ ಕ್ವಿಕ್ ಟ್ಯೂಬು ಹೆಚ್ಚು ದಿನ ಉಳಿಯುವುದಿಲ್ಲ. ದೊಡ್ಡದು ಅಗ್ಗ ಅಂತ ತಂದರೆ ಮುಕ್ಕಾಲು ಪಾಲು ಟ್ಯೂಬಿನಲ್ಲೇ ಕಲ್ಲಾಗುತ್ತದೆ, ಚಿಕ್ಕದನ್ನೇ ಬೇಕಾದಾಗ ತನ್ನಿ.